ಒಪ್ಪಿಗೆ ಪತ್ರದಲ್ಲೊಂದು ತಿದ್ದುಪಡಿ

ಆ ನರ್ಸಿಂಗ್ ಹೋಮಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಅವಳು ಉಗಿಯಕ್ಕ. ಆಪರೇಷನ್ ಥಿಯೇಟರಿನ ಬೆನ್ನಿಗೆ ಅಂಟಿಕೊಂಡ, ಕಿಟಕಿಯಿಲ್ಲದ ಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಅವಳದೊಂದೇ ಕೆಲಸ. ಬಳಸಿದ ಕತ್ತರಿ, ಚಿಮಟ, ಬಟ್ಟೆಗಳನ್ನು ತೊಳೆದು, ಕಟ್ಟುಕಟ್ಟಿ, ಆಟೋಕ್ಲೇವ್ ಎಂಬ ಉಗಿಯಂತ್ರದೊಳಗಿಟ್ಟು ಕ್ರಿಮಿಯಿಲ್ಲದಂತೆ ಮಾಡಿ ಕೊಡುವುದು. ಅವಳ ಕೈಯಿಂದ ಬಂದ ಕಟ್ಟನ್ನು ಯಾವ ನರ್ಸೂ ಎರಡನೇ ಸಲ ನೋಡುತ್ತಿರಲಿಲ್ಲ.

ಈಗ ನಾಲ್ಕು ಮಹಡಿಯ ದೊಡ್ಡ ಆಸ್ಪತ್ರೆಯೊಂದರಿಂದ ಅವಳಿಗೆ ಕೆಲಸದ ಪ್ರಸ್ತಾವ ಬಂದಿತ್ತು. ಮೇ ಐದಕ್ಕೆ ಸೇರಬೇಕು. ಒಪ್ಪಿಗೆ ಪತ್ರ ಮಾರ್ಚ್ ಇಪ್ಪತ್ತೆಂಟರ ಸಂಜೆ ಐದರೊಳಗೆ ತಲುಪಬೇಕು, ಇಲ್ಲದಿದ್ದರೆ ಪ್ರಸ್ತಾವ ತಾನಾಗಿಯೇ ಬಿದ್ದುಹೋಗುತ್ತದೆ. ಮನೆಯಲ್ಲಿ ಎಲ್ಲರೂ ಕುಣಿದಾಡಿದರು. ಡೆಲಿವರಿ ವ್ಯಾನ್ ಓಡಿಸುವ ಗಂಡ ಆ ಕಾಗದವನ್ನು ಮೊಬೈಲಿನಲ್ಲಿ ಫೋಟೋ ತೆಗೆದು ನೆಂಟರಿಗೆಲ್ಲ ಕಳಿಸಿದ. ಅವಳೊಬ್ಬಳೇ ನಾಲ್ಕು ದಿನದಿಂದ ಆ ಕಾಗದವನ್ನು ಮತ್ತೆ ಮತ್ತೆ ತೆಗೆದು ಓದುತ್ತಿದ್ದಳು.

ಇಪ್ಪತ್ತೇಳರ ಸಂಜೆ ಮಾವ ಕನ್ನಡಕ ಏರಿಸಿ ಊಟದ ಮೇಜಿಗೆ ಬಂದು ಕೂತರು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಗುಮಾಸ್ತರಾಗಿ ನಿವೃತ್ತರಾದವರು. ಒಂದು ಅಲ್ಪವಿರಾಮ ಜಾಗ ತಪ್ಪಿದರೂ ಕಡತವನ್ನೇ ವಾಪಸು ಎಸೆಯುತ್ತಿದ್ದರೆಂದು ಹೆಸರುವಾಸಿ. ಮಗನಿಗೇ ಅವರೆದುರು ಮಾತು ತೊದಲುತ್ತಿತ್ತು.

"ಬರ್ಕೋಮ್ಮ," ಎಂದರು. "ನಾಳೆ ಕೊನೇ ದಿನ. ಹಬೆ ಕೆಲ್ಸ ನಿಂಗೆ ಗೊತ್ತು, ಕಾಗದದ ಕೆಲ್ಸ ನಂಗೆ ಗೊತ್ತು. ಮೊದ್ಲು ಅವರ ಪತ್ರದ ಸಂಖ್ಯೆ, ದಿನಾಂಕ. ಅದಿಲ್ದೆ ಇದ್ರೆ ನಿನ್ನ ಪತ್ರ ಯಾವ ಫೈಲಿಗೆ ಹೋಗ್ಬೇಕು ಅಂತ್ಲೇ ಗೊತ್ತಾಗಲ್ಲ."

ಅವಳು ಬರೆದುಕೊಂಡಳು. ಮಾವನ ದನಿ ಕಚೇರಿಯ ದನಿಯಾಯಿತು. "ತಾವು ನೀಡಿರುವ ಕ್ರಿಮಿಶುದ್ಧಿ ವಿಭಾಗದ ತಂತ್ರಜ್ಞೆಯ ಹುದ್ದೆಯನ್ನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ. ಮೇ ಐದರಂದು ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹಾಜರಾಗುತ್ತೇನೆ. ಪತ್ರದಲ್ಲಿನ ಎಲ್ಲ ಷರತ್ತುಗಳನ್ನು ಓದಿ, ಅರ್ಥಮಾಡಿಕೊಂಡು..."

ಪೆನ್ನು ನಿಂತಿತು.

"ಯಾಕೆ, ಕೈ ನೋವಾ?"

"ಇಲ್ಲ ಮಾವ."

"ಮತ್ತೆ? ಓದಿದೀಯೋ ಇಲ್ವೋ?"

ಓದಿದ್ದಳು. ಒಂಬತ್ತನೇ ಷರತ್ತನ್ನಂತೂ ನಲವತ್ತು ಸಲ ಓದಿದ್ದಳು. ಅರ್ಜಿಯಲ್ಲಿ ಕೊಟ್ಟ ಯಾವುದೇ ಮಾಹಿತಿ ಸುಳ್ಳೆಂದು ಕಂಡುಬಂದರೆ ಮುನ್ಸೂಚನೆ ಇಲ್ಲದೆ ನೇಮಕ ರದ್ದಾಗುತ್ತದೆ. ಅದರ ಮೇಲಿನ ಎಂಟನೆಯದು, ಸೇರುವ ಮೊದಲು ವೈದ್ಯಕೀಯ ತಪಾಸಣೆ: ಕಣ್ಣು, ಕಿವಿ, ಎದೆಯ ಎಕ್ಸ್‌ರೇ. ಅರ್ಜಿಯಲ್ಲಿ 'ದೃಷ್ಟಿ ಅಥವಾ ಶ್ರವಣದ ದೋಷವೇನಾದರೂ ಇದೆಯೇ' ಎಂಬ ಖಾನೆಯಿತ್ತು. ಅದರಲ್ಲಿ ಅವಳು ತನ್ನ ಕೈಯಾರೆ 'ಇಲ್ಲ' ಎಂದು ಬರೆದಿದ್ದಳು.

ಎಡಗಿವಿ ಎರಡು ವರ್ಷದಿಂದ ಮಂದವಾಗುತ್ತ ಬಂದಿತ್ತು. ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬಂತೆ ನುಂಗಿಕೊಂಡೇ ಬಂದಿದ್ದಳು. ಈಗ ಮಾವ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅವಳು ಪೆನ್ನು ಕೆಳಗಿಟ್ಟಳು.

"ಮಾವ, ನಾನೊಂದು ಸುಳ್ಳು ಬರೆದಿದೀನಿ," ಎಂದಳು. ಶುರುವಾದ ಮೇಲೆ ನಿಲ್ಲಲಿಲ್ಲ. ಕಿವಿಯದನ್ನು ಹೇಳಿದಳು. ಹೋದ ನವೆಂಬರಿನದನ್ನೂ ಹೇಳಿದಳು. ಅವತ್ತು ಯಂತ್ರ ನಡುವೆಯೇ ನಿಂತು ಅಲಾರಾಂ ಹೊಡೆದುಕೊಳ್ಳುತ್ತಿತ್ತು. ಬಲಗಿವಿಯ ಪಕ್ಕದಲ್ಲೇ ಫ್ಯಾನಿನ ಗದ್ದಲವಿತ್ತು, ಅವಳು ಯಂತ್ರಕ್ಕೆ ಬೆನ್ನು ಹಾಕಿ ಬಟ್ಟೆ ಮಡಚುತ್ತಲೇ ಇದ್ದಳು. ಥಿಯೇಟರಿನ ನರ್ಸ್ ಓಡಿಬಂದು ಭುಜ ಅಲುಗಿಸಿದಾಗಲೇ ಗೊತ್ತಾದದ್ದು. ಕಟ್ಟು ಬಿಚ್ಚಿ ನೋಡಿದರೆ, ಉಗಿ ಪೂರ್ತಿ ತಾಗಿದಾಗ ಕಪ್ಪಾಗಬೇಕಾದ ಒಳಗಿನ ಸೂಚಕ ಪಟ್ಟಿ ಕಪ್ಪಾಗಿರಲಿಲ್ಲ. ಎಲ್ಲವನ್ನೂ ಮತ್ತೆ ಮೊದಲಿಂದ ಹಾಕಿದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತು ಮನಸ್ಸಿಗೆ ಹೊಕ್ಕ ಭಯ ಬಿಟ್ಟಿರಲಿಲ್ಲ.

ಮಾವ ಎದ್ದು ಹೋಗಿ ನೀರು ಕುಡಿದು ಬಂದರು. ಬೈದಿದ್ದರೇ ವಾಸಿಯಾಗಿತ್ತು ಎನಿಸಿತು ಅವಳಿಗೆ.

"ನರ್ಸಿಂಗ್ ಹೋಮಿಗೆ ರಾಜೀನಾಮೆ ಕೊಟ್ಟಾಯ್ತಾ?" ಎಂದರು ಕೊನೆಗೆ.

"ಇನ್ನೂ ಇಲ್ಲ. ಮೂವತ್ತು ದಿನದ ನೋಟೀಸು. ಏಪ್ರಿಲ್ ನಾಕರೊಳಗೆ ಕೊಟ್ರೆ ಮೇ ನಾಕಕ್ಕೆ ಬಿಡ್ತಾರೆ."

"ಸದ್ಯ, ಬದುಕ್ದೆ. ತಪಾಸಣೆ ಆಗೋತನಕ ಕೊಡ್ಬೇಡ. ಇಲ್ಲೂ ಬಿಟ್ಟು ಅಲ್ಲೂ ಇಲ್ದೆ ನಡುನೀರಲ್ಲಿ ನಿಲ್ತೀಯ."

"ತಪಾಸಣೇಲಿ ಗೊತ್ತಾಗೇ ಆಗುತ್ತೆ ಮಾವ. ಆಗ 'ಸುಳ್ಳು ಬರೆದೋಳು' ಅಂತ ಹೊರಗೆ ಹಾಕ್ತಾರೆ. ಒಪ್ಪಿಗೇನೇ ಕಳಿಸೋದು ಬೇಡ ಬಿಡಿ. ಇರೋ ಜಾಗ್ದಲ್ಲೇ ಇರ್ತೀನಿ."

"ಇರೋ ಜಾಗ್ದಲ್ಲಿ ಮಾತ್ರ ಅಲಾರಾಂ ಕೇಳುತ್ತಾ?"

ಮಾವ ಹೊಸ ಹಾಳೆ ಎಳೆದುಕೊಂಡರು. ಈ ಸಲ ತಾವೇ ಕರಡು ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಒಪ್ಪಿಗೆಯ ಸಾಲು, ಸೇರುವ ದಿನ, ಷರತ್ತುಗಳನ್ನು ಅರ್ಥಮಾಡಿಕೊಂಡ ಮಾತು ಎಲ್ಲ ಹಾಗೇ ಇದ್ದವು. ಅದರ ಕೆಳಗೆ ಹೊಸದೊಂದು ಪ್ಯಾರಾ ಬಂತು: "ಒಂಬತ್ತನೇ ಷರತ್ತಿಗೆ ಸಂಬಂಧಿಸಿದಂತೆ, ನನ್ನ ಅರ್ಜಿಯಲ್ಲಿ ಶ್ರವಣದೋಷವಿಲ್ಲ ಎಂದು ಬರೆದಿರುವುದು ಸರಿಯಲ್ಲ. ನನಗೆ ಎಡಗಿವಿಯಲ್ಲಿ ಮಂದವಾಗಿ ಕೇಳಿಸುತ್ತದೆ. ಈ ತಪ್ಪಿಗೆ ವಿಷಾದಿಸುತ್ತ ಅರ್ಜಿಯಲ್ಲಿನ ಆ ಮಾಹಿತಿಯನ್ನು ತಿದ್ದಿಕೊಳ್ಳಬೇಕೆಂದು ಕೋರುತ್ತೇನೆ." ಆಮೇಲೆ ಬಾಕಿ ದಾಖಲೆಗಳು. ವೈದ್ಯಕೀಯ ಪ್ರಮಾಣಪತ್ರ, ಸೇರುವ ಮೊದಲೇ; ಅದಕ್ಕಾಗಿ ಆಸ್ಪತ್ರೆಯವರು ಏಪ್ರಿಲ್ ಮೂರರೊಳಗೆ ತಪಾಸಣೆ ಮಾಡಿಸಿಕೊಡಬೇಕೆಂಬ ಕೋರಿಕೆ. ಮೂಲ ಪ್ರಮಾಣಪತ್ರಗಳು, ಸೇರುವ ದಿನ ಪರಿಶೀಲನೆಗೆ. ಈಗಿನ ಸಂಸ್ಥೆಯ ಬಿಡುಗಡೆ ಪತ್ರ, ಸೇರಿದ ಹದಿನೈದು ದಿನದೊಳಗೆ. ತಪಾಸಣೆಯ ಫಲಿತಾಂಶ ತಿಳಿದ ಕೂಡಲೇ ರಾಜೀನಾಮೆ ಸಲ್ಲಿಸುತ್ತೇನೆ ಎಂಬ ಸಾಲಿನೊಂದಿಗೆ ಪತ್ರ ಮುಗಿಯಿತು.

"ಕೇಳೋ ಮೊದ್ಲೇ ಹೇಳಿದ್ರೆ ತಿದ್ದುಪಡಿ," ಎಂದರು ಮಾವ. "ಸಿಕ್ಕಿಬಿದ್ದ ಮೇಲೆ ಹೇಳಿದ್ರೆ ತಪ್ಪೊಪ್ಪಿಗೆ. ಎರಡಕ್ಕೂ ಬೇರೆ ಬೇರೆ ಫೈಲು." ಆಮೇಲೆ ದನಿ ತಗ್ಗಿಸಿ, "ಆದ್ರೂ ಅವರು ಬೇಡ ಅನ್ಬೋದಮ್ಮ. ಅದನ್ನೂ ಮನಸ್ಸಲ್ಲಿಟ್ಕೋ," ಎಂದರು.

ಮರುದಿನ ಮಧ್ಯಾಹ್ನ ಅವಳು ತಾನೇ ಹೋಗಿ ಪತ್ರ ಕೊಟ್ಟು, ನಕಲಿನ ಮೇಲೆ 'ಸ್ವೀಕರಿಸಿದೆ' ಎಂಬ ಮೊಹರು ಹಾಕಿಸಿಕೊಂಡಳು. ಮೊಹರಿನ ಧಪ್ಪೆಂಬ ಸದ್ದು ಎದೆಯ ಮೇಲೇ ಬಿದ್ದಂತಾಯಿತು. ಇನ್ನು ವಾಪಸು ಪಡೆಯುವ ಹಾಗಿಲ್ಲ.

ಎರಡು ದಿನ ಏನೂ ಇಲ್ಲ. ಮೊಬೈಲ್ ಅಲುಗಿದಾಗಲೆಲ್ಲ ಕೈಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದಳು. ಮೂವತ್ತೊಂದರ ಬೆಳಿಗ್ಗೆ ಕರೆ ಬಂತು. "ನಾಳೆ ಹತ್ತಕ್ಕೆ ಬನ್ನಿ ಮೇಡಂ, ನಿಮ್ಮ ಪತ್ರದ ಬಗ್ಗೆ ಮಾತಾಡ್ಬೇಕು." ಅಷ್ಟೇ. ಮುಗಿಯಿತು ಎಂದುಕೊಂಡಳು. ಕೊಟ್ಟ ಕೆಲಸ ಕಿತ್ತುಕೊಳ್ಳುವವರು ಫೋನಿನಲ್ಲಿ ಹೇಳುವುದಿಲ್ಲ, ಎದುರಿಗೆ ಕೂರಿಸಿಕೊಂಡು ಹೇಳುತ್ತಾರೆ.

ಸಿಬ್ಬಂದಿ ವಿಭಾಗದ ಅಧಿಕಾರಿ ಅವಳಿಗಿಂತ ಚಿಕ್ಕವನು, ಮೃದು ಮಾತಿನವನು. ಅದೇ ಹೆಚ್ಚು ಹೆದರಿಸಿತು. ಅರ್ಜಿ ಒಂದು ಕಡೆ, ಪತ್ರ ಇನ್ನೊಂದು ಕಡೆ ಇಟ್ಟುಕೊಂಡಿದ್ದ.

"ಇದ್ರಲ್ಲಿ ಇಲ್ಲ ಅಂತಿದೆ, ಇದ್ರಲ್ಲಿ ಇದೆ ಅಂತಿದೆ. ಯಾವುದನ್ನ ನಂಬ್ಲಿ?"

"ಪತ್ರ ಸಾರ್," ಎಂದಳು.

"ಇದು ನನ್ನೊಬ್ಬನ ಕೈಲಿಲ್ಲ. ನಿಮ್ಮ ವಿಭಾಗದ ಮೇಲ್ವಿಚಾರಕಿ ನೋಡ್ಬೇಕು ಅಂದಿದಾರೆ."

ಮೇಲ್ವಿಚಾರಕಿ ಐವತ್ತು ದಾಟಿದ ನರ್ಸ್. ಮುಖದಲ್ಲಿ ನಗುವಿನ ಸುಳಿವಿಲ್ಲ. ಕಾಗದ ಮುಟ್ಟಲೂ ಇಲ್ಲ, ನೇರ ಕೇಳಿದರು. "ಅಲಾರಾಂ ಯಾವತ್ತಾದ್ರೂ ತಪ್ಪಿದೆಯಾ?"

ಪತ್ರದಲ್ಲಿ ಅದಿರಲಿಲ್ಲ. ಮಾವ ಬರೆಸಿರಲಿಲ್ಲ. ಇಲ್ಲವೆಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು.

"ಒಂದ್ಸಲ."

"ಆ ಕಟ್ಟುಗಳು?"

"ಎಲ್ಲಾ ಬಿಚ್ಚಿ, ಹೊಸ ಪಟ್ಟಿ ಇಟ್ಟು ಮತ್ತೆ ಹಾಕ್ದೆ. ಒಂದೂ ಥಿಯೇಟರಿಗೆ ಹೋಗ್ಲಿಲ್ಲ. ಆಪರೇಷನ್ ಒಂದೂವರೆ ಗಂಟೆ ತಡ ಆಯ್ತು. ಡಾಕ್ಟ್ರು ಬೈದ್ರು."

"ರಿಜಿಸ್ಟರಿಗೆ ಬರೆದ್ರಾ?"

"ಬರೆದೆ. ಆದ್ರೆ ಕಾರಣದ ಖಾನೇಲಿ 'ಗಮನಿಸಲಿಲ್ಲ' ಅಂತ ಬರೆದೆ. ಕೇಳಿಸ್ಲಿಲ್ಲ ಅಂತ ಬರೆಯೋಕೆ ಧೈರ್ಯ ಬರ್ಲಿಲ್ಲ."

ಮೇಲ್ವಿಚಾರಕಿ ಅವಳನ್ನೇ ನೋಡಿದರು. ಹೊರಗೆ ಟ್ರಾಲಿಯೊಂದು ಕಿರುಗುಟ್ಟುತ್ತ ಹೋಯಿತು. "ಕಿವಿ ಪರೀಕ್ಷೆ ಇವತ್ತೇ ಮಾಡಿಸಿ," ಎಂದು ಅಧಿಕಾರಿಗೆ ಹೇಳಿ ಎದ್ದು ಹೋದರು. ಹೌದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ.

ಬೀರುವಿನಷ್ಟು ಅಗಲದ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಬಲಗಿವಿಯದು ಸಲೀಸಾಗಿ ಮುಗಿಯಿತು. ಎಡಗಿವಿಗೆ ಬಂದಾಗ ಬರೀ ತನ್ನ ರಕ್ತದ ಗುಂಯ್ ಸದ್ದು. ಗಾಜಿನಾಚೆ ತಪಾಸಕಿಯ ಬೆರಳು ಚಲಿಸುತ್ತಿತ್ತು, ಅಂದರೆ ಸದ್ದು ಬರುತ್ತಲೇ ಇತ್ತು. ಆ ಬೆರಳನ್ನು ನೋಡಿಕೊಂಡೇ ಗುಂಡಿ ಒತ್ತಬಹುದಿತ್ತು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು. ಅವಳು ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ಕಣ್ಣೊಳಗೆ ಕಪ್ಪಾಗದ ಪಟ್ಟಿಯೇ ಕಂಡಿತು.

ಏಪ್ರಿಲ್ ಮೂರರಂದು ಫಲಿತಾಂಶ ಬಂತು. ಎಡಗಿವಿಯಲ್ಲಿ ಮಧ್ಯಮ ಪ್ರಮಾಣದ ದೋಷ, ಬಲಗಿವಿ ಸರಿ. ಷರತ್ತಿನೊಂದಿಗೆ ಕೆಲಸಕ್ಕೆ ಅರ್ಹಳು: ಪಾಳಿಯಲ್ಲಿ ಒಬ್ಬಳೇ ಇರಬಾರದು, ದೀಪದ ಅಲಾರಾಂ ಇರುವ ಯಂತ್ರದಲ್ಲೇ ಕೆಲಸ ಮಾಡಬೇಕು, ಆರು ತಿಂಗಳಿಗೊಮ್ಮೆ ತಪಾಸಣೆ. ಜೊತೆಗೆ ಆಸ್ಪತ್ರೆಯ ಹೊಸ ಪತ್ರ. ಹಳೆಯ ಪ್ರಸ್ತಾವವನ್ನು ಈ ಷರತ್ತುಗಳೊಂದಿಗೆ ಮುಂದುವರಿಸಿದೆ, ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳಿಸಿ. ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ ಮೂರು ತಿಂಗಳಿದ್ದದ್ದು ಈಗ ಆರಾಗಿತ್ತು.

"ಅರ್ಜಿಲಿ ಸುಳ್ಳು ಬರೆದಿದ್ದಕ್ಕೆ ಆ ಹೆಚ್ಚಿನ ಮೂರು ತಿಂಗಳು," ಎಂದರು ಮಾವ, ಎರಡು ಸಲ ಓದಿ. "ಸಹಿ ಹಾಕು. ನ್ಯಾಯವಾಗೇ ಇದೆ."

ಸಹಿ ಹಾಕಿದಳು. ಮರುದಿನ ಏಪ್ರಿಲ್ ನಾಲ್ಕು, ನೋಟೀಸಿನ ಕೊನೆಯ ದಿನ, ನರ್ಸಿಂಗ್ ಹೋಮಿನ ದೊಡ್ಡ ಡಾಕ್ಟರ ಮೇಜಿನ ಮೇಲೆ ರಾಜೀನಾಮೆ ಇಟ್ಟಳು. ಅವರಿಗೂ ಕಿವಿಯ ವಿಷಯ ಹೇಳಿದಳು, ನವೆಂಬರಿನ ನಿಜವಾದ ಕಾರಣವನ್ನೂ. ಡಾಕ್ಟರ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಥಿಯೇಟರಿನ ಬಾಗಿಲವರೆಗೆ ನಡೆದು ಸುಮ್ಮನೆ ವಾಪಸು ಬಂದರು. ಆಮೇಲೆ ಆ ಮೂವತ್ತು ದಿನ ಅವಳ ಜೊತೆಗೊಬ್ಬ ನರ್ಸನ್ನು ಹಾಕಿದರು. ಉಗಿಯಕ್ಕ ಎಂದು ಕರೆಯುವುದನ್ನು ಯಾರೂ ನಿಲ್ಲಿಸಲಿಲ್ಲ. ಆದರೆ ಕಟ್ಟುಗಳನ್ನು ಈಗ ಎಲ್ಲರೂ ತಿರುಗಿಸಿ ನೋಡಿಯೇ ಒಯ್ಯುತ್ತಿದ್ದರು. ಅವಳಿಗೆ ಅದು ಚುಚ್ಚಿತು. ಅವರ ಜಾಗದಲ್ಲಿದ್ದರೆ ತಾನೂ ನೋಡುತ್ತಿದ್ದೆ ಅನ್ನಿಸಿ ಸುಮ್ಮನಾದಳು.

ಮೇ ಐದರಂದು ಮೂಲ ಪ್ರಮಾಣಪತ್ರಗಳನ್ನು ಕೊಟ್ಟು ಕೆಲಸಕ್ಕೆ ಸೇರಿದಳು. ಬಿಡುಗಡೆ ಪತ್ರ ಮಾತ್ರ ತಡವಾಯಿತು. ಡಾಕ್ಟರು ಊರಲ್ಲಿರಲಿಲ್ಲ. ಹದಿಮೂರನೇ ದಿನ ಅದು ಕೈಗೆ ಬರುವವರೆಗೆ ಪ್ರತಿ ಬೆಳಿಗ್ಗೆ ಗೇಟಿನ ಕಾವಲುಗಾರ ತನ್ನನ್ನು ತಡೆದುಬಿಡುತ್ತಾನೆ ಎಂದೇ ಹೆದರುತ್ತಿದ್ದಳು.

ಅಲ್ಲಿ ಈಗ ಅವಳಿಗೆ ಮೂರನೇ ವರ್ಷ. ಯಂತ್ರದ ನೆತ್ತಿಯ ಮೇಲೆ ಕೆಂಪು ದೀಪವಿದೆ, ಪಕ್ಕದಲ್ಲಿ ಯಾವಾಗಲೂ ಇನ್ನೊಬ್ಬರಿರುತ್ತಾರೆ. ಆದರೂ ಅವಳು ಬಟ್ಟೆ ಮಡಚುವ ಮೇಜನ್ನು ಯಂತ್ರಕ್ಕೆ ಎದುರಾಗಿ ಎಳೆದುಕೊಂಡಿದ್ದಾಳೆ. ನಾಲ್ಕು ಮಡಿಕೆಗೊಮ್ಮೆ ತಲೆಯೆತ್ತಿ ದೀಪ ನೋಡುತ್ತಾಳೆ.