ತಂಗಿಯ ಪಾರ್ಸೆಲ್‌ನಿಂದ ತೆಗೆದದ್ದು

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿತ್ರದುರ್ಗದ ಒಂದು ಕೊರಿಯರ್ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಪಾರ್ಸೆಲ್ ತೂಗಿ ರಸೀದಿ ಬರೆಯುವುದು ನನ್ನ ಕೆಲಸ. ಅವ್ವ ಹಿರಿಯೂರಿನ ಹತ್ತಿರದ ಆದಿವಾಲದಲ್ಲಿ ಚಿಕ್ಕಪ್ಪನ ಮನೆಯವರೊಂದಿಗೆ ಕುರಿ ನೋಡಿಕೊಂಡಿದ್ದಳು. ಅಕ್ಕನನ್ನು ಬಳ್ಳಾರಿಗೆ ಕೊಟ್ಟಿತ್ತು, ತಂಗಿಯನ್ನು ಅನಂತಪುರಕ್ಕೆ.

ಒಂದು ಚಳಿಗಾಲ ಅವ್ವ ಅಕ್ಕನಿಗೊಂದು, ತಂಗಿಗೊಂದು ಎಂದು ಎರಡು ಗಂಟು ಹೊತ್ತು ಕಚೇರಿಗೆ ಬಂದಳು. ಎರಡರಲ್ಲೂ ಒಂದೊಂದು ಕಂಬಳಿ, ಸ್ವಲ್ಪ ಹುರುಳಿ, ಮೊಮ್ಮಕ್ಕಳಿಗೆಂದು ನೇಯಿಸಿದ ಒಂದೊಂದು ಪುಟ್ಟ ಕಂಬಳಿ. ತೂಕವೂ ಒಂದೇ: ಎರಡು ಕಿಲೋ ದಾಟಿತ್ತು. ದಾಟಿದರೆ ಪೂರ್ತಿ ಮೂರು ಕಿಲೋದ ದರ. ಬಳ್ಳಾರಿಯ ದರ ಹೇಳಿದೆ, ದುಡ್ಡು ಕೊಟ್ಟಳು. ಅನಂತಪುರದ್ದನ್ನು ಕೇಳಿ ಬೆಚ್ಚಿದಳು.

"ಯಾಕಪ್ಪಾ? ಎರಡೂ ಊರು ಒಂದೇ ದೂರ ಅಲ್ಲೇನು?"

"ದೂರ ನೋಡಲ್ಲ ಅವ್ವಾ, ವಲಯ ನೋಡ್ತಾರೆ. ಹೊಳಲ್ಕೆರೆಗಿಂತ ಹೊಸದುರ್ಗ ದೂರ ಐತೆ, ಆದ್ರೂ ಎರಡಕ್ಕೂ ಒಂದೇ ದರ. ಬಳ್ಳಾರಿ ನಮ್ಮ ರಾಜ್ಯದ್ದು, ಗಾಡಿ ನೇರ ಹೋಗ್ತೈತೆ. ಅನಂತಪುರ ಆಂಧ್ರದ ವಲಯ. ಚೆಕ್‌ಪೋಸ್ಟ್ ಕಾಗದ ಬೇಕು, ದಾರೀಲಿ ಬೇರೆ ಗಾಡಿಗೆ ಹಾಕ್ಬೇಕು. ಅಲ್ಲಿಗೆ ಒಂದೊಂದು ಕಿಲೋಗೂ ದರ ಜಾಸ್ತಿ."

ಅವ್ವನ ಸೆರಗಿನ ಗಂಟಿನಲ್ಲಿ ಅಷ್ಟು ದುಡ್ಡಿರಲಿಲ್ಲ. "ಪುಟ್ಟ ಕಂಬಳಿ ತೆಗೆದ್ರೆ ಎರಡು ಕಿಲೋ ಒಳಗೆ ಬರ್ತೈತೆ," ಎಂದೆ. ಹಿಂದೆ ಸಾಲು ನಿಂತಿತ್ತು, ನನಗೆ ಅವಸರ. ಅವ್ವ ತಂಗಿಯ ಗಂಟಿನ ಹೊಲಿಗೆ ಬಿಚ್ಚಿ ಅದನ್ನು ತೆಗೆದಳು. "ಮುಂದೆ ನಾನೇ ಕೈಯಲ್ಲಿ ಒಯ್ದು ಕೊಡ್ತೀನಿ," ಎಂದಳು. ಕಂಬಳಿಯನ್ನು ಮಡಚುವಾಗ ನನ್ನ ಮುಖ ನೋಡಲಿಲ್ಲ.

ತಿಂಗಳಾದ ಮೇಲೆ ತಂಗಿಯ ಕಾಗದ ಬಂತು. ಅಕ್ಕನ ಮಗುವಿಗೆ ಪುಟ್ಟ ಕಂಬಳಿ ಬಂದದ್ದು ಅವಳಿಗೆ ಹೇಗೋ ತಿಳಿದಿತ್ತು. "ನಾನೇನು ಬೇರೆ ಹೊಟ್ಟೇಲಿ ಹುಟ್ಟಿದೀನಾ ಅಂತ ಅವ್ವನ್ನ ಕೇಳು," ಎಂದು ಬರೆದಿದ್ದಳು. ಅವ್ವನಿಗೆ ಓದು ಬಾರದು. ಆ ಸಾಲು ಬಿಟ್ಟು ಉಳಿದದ್ದನ್ನು ಓದಿ ಹೇಳಿದೆ. ತಂಗಿಗೆ ವಿಷಯ ತಿಳಿಸಿ ಬರೆಯಬೇಕು ಅಂದುಕೊಂಡೆ. ಇವತ್ತು ನಾಳೆ ಎನ್ನುವಷ್ಟರಲ್ಲಿ ಬೇಸಿಗೆ ಬಂತು. ಅವ್ವ ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟಳು.

ತಂಗಿ ಬಂದಾಗ ಮಣ್ಣು ಮಾಡಿ ಆಗಿತ್ತು. ಅಳಲಿಲ್ಲ. ಗೋಡೆಗೊರಗಿ ಕೂತು, "ಕೊನೆಗೂ ನನ್ನ ಕಡೆ ಬರಲಿಲ್ಲ ಅವ್ವ," ಎಂದಳು. ಆಗ ವಲಯ, ಕಿಲೋ, ದರ ಎಲ್ಲ ಹೇಳಿದೆ.

"ತೆಗಿ ಅಂತ ಹೇಳಿದ್ದು ನೀನಾ ಅಣ್ಣಾ?"

"ಹೂಂ."

"ಉಳಿದ ದುಡ್ಡು ನೀನು ಹಾಕಬಹುದಿತ್ತಲ್ಲ?"

ಹಾಕಬಹುದಿತ್ತು. ಆ ದಿನ ಅದು ನನ್ನ ತಲೆಗೇ ಬರಲಿಲ್ಲ. ಗುಮಾಸ್ತನಾಗಿ ಕೂತಿದ್ದೆ, ಮಗನಾಗಿ ಅಲ್ಲ.

ಆಮೇಲೆ ನನಗೆ ಅವಳಿಂದ ಕಾಗದ ಬರಲಿಲ್ಲ. ಅವಳ ಕ್ಷೇಮ ಸಮಾಚಾರ ಅಕ್ಕನ ಮೂಲಕವೇ ತಿಳಿಯುತ್ತಿತ್ತು.