ನಾಲ್ಕು ಸಾಲು ಪೋರ್ಚುಗೀಸ್

ನನ್ನ ಗಂಡನಿಗೆ ಸ್ಟ್ರೋಕ್ ಆದ ಮೇಲೆ ಮೊದಲು ಹೋದದ್ದು ಕನ್ನಡ, ಅದರ ಹಿಂದೆಯೇ ಇಂಗ್ಲಿಷ್. ಅವರು ಗೋವೆಯವರು. ಅಲ್ಲಿ ಪೋರ್ಚುಗೀಸರು ಇದ್ದ ಕಾಲದಲ್ಲಿ ಶಾಲೆಗೆ ಹೋದವರು, ಮನೆಯಲ್ಲೂ ಕೊಂಕಣಿ ಅಲ್ಲ, ಅದೇ ಭಾಷೆ. ಅದೊಂದು ಮಾತ್ರ ಉಳಿಯಿತು. ಹೀಗೂ ಆಗುವುದುಂಟು, ಚಿಕ್ಕಂದಿನ ಭಾಷೆ ಬೇರೆ ಕೋಣೆಯಲ್ಲಿ ಇಟ್ಟ ಹಾಗೆ ಸೇಫ್ ಆಗಿರುತ್ತದೆ ಎಂದರು ಡಾಕ್ಟರು. ಆ ಕೋಣೆಗೆ ನನಗೆ ಎಂಟ್ರಿ ಇಲ್ಲ. ನಾನು ಪುತ್ತೂರಿನ ತುಳು ಮಾತಾಡುವ ಮನೆಯವಳು, ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತವಳು. ಅವರು ಅರಂತೋಡಿನ ಆಚೆ ರಬ್ಬರ್ ಎಸ್ಟೇಟಿಗೆ ಕೆಲಸಕ್ಕೆ ಬಂದಾಗ ನಾನು ಸುಳ್ಯದಲ್ಲಿ ಇಂಗ್ಲಿಷ್ ಟೀಚರ್. ನಮ್ಮ ಪ್ರೀತಿ, ಜಗಳ, ಸಂಸಾರ ಎಲ್ಲ ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ. ಅವರ ಶಾಲೆಯ ಭಾಷೆ ಕಲಿಯಬೇಕೆಂದು ಒಂದು ದಿನವೂ ಅನಿಸಲಿಲ್ಲ. What for?

ಈಗ ಪುತ್ತೂರಿನ ಈ ಬಾಡಿಗೆ ಮನೆಯ ಮಹಡಿಯಲ್ಲಿ ಇಬ್ಬರೇ. ನಾನು ಗಂಜಿ ತಂದಿಟ್ಟರೆ ಉಣ್ಣುತ್ತಾರೆ, ಮಾತ್ರೆ ಕೊಟ್ಟರೆ ನುಂಗುತ್ತಾರೆ, ನಾನು ಮಾತಾಡಿದರೆ ಒಳ್ಳೆಯ ಅತಿಥಿಯ ಹಾಗೆ ತಲೆ ಆಡಿಸುತ್ತಾರೆ. ಭಾನುವಾರ ಮಡಗಾಂವಿನಿಂದ ಅವರ ತಂಗಿಯ ಫೋನ್ ಬಂದರೆ ಮಾತ್ರ ಮುಖ ಅರಳುತ್ತದೆ. ಅಣ್ಣ ತಂಗಿ ಪೋರ್ಚುಗೀಸಿನಲ್ಲಿ ನಗುವಾಗ ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಇರುತ್ತೇನೆ, ಒರೆಸಿದ್ದನ್ನೇ.

ನಮ್ಮ ಮದುವೆಯ ವಾರ್ಷಿಕ ದಿನ ಹತ್ತಿರ ಬಂತು. ಹಕ್ಕಿಗಳ ದೊಡ್ಡ ಚಿತ್ರಪುಸ್ತಕ ತರಿಸಿದೆ. ಹಕ್ಕಿ ಅವರ ಹುಚ್ಚು. ಕಡಬದ ಕಡೆ ಹೊಳೆಯ ಬದಿಯಲ್ಲಿ ಕತ್ತು ನೋಯುವವರೆಗೆ ನನ್ನನ್ನು ನಿಲ್ಲಿಸಿ ಮೇಲೆ ನೋಡಿಸಿದವರು. ಪುಸ್ತಕದಲ್ಲಿ ಅವರಿಗೆ ಓದಲಿಕ್ಕಾಗುವ ಭಾಷೆಯಲ್ಲಿ ಏನಾದರೂ ಬರೆಯಬೇಕು ಎನಿಸಿತು. ಒಮ್ಮೆ, ಒಂದು ಸಲವಾದರೂ, ಅದು ನಾನು ಎಂದು ಅವರಿಗೆ ಗೊತ್ತಾಗಬೇಕಿತ್ತು.

ಕಾನ್ವೆಂಟಿನಲ್ಲಿ ನಮಗೆ ಪ್ರೈಜ್ ಪುಸ್ತಕ ಕೊಡುವಾಗ ಒಳಗೊಂದು ಒಕ್ಕಣೆ ಇರುತ್ತಿತ್ತು. ನಾನು ಅದೇ ಧಾಟಿಯಲ್ಲಿ ಇಂಗ್ಲಿಷಿನಲ್ಲಿ ಒಂದು ಪುಟ ಬರೆದೆ. On the happy occasion ಎಂದು ಶುರು, ಶೀಘ್ರ ಗುಣಮುಖರಾಗಲಿ ಎಂದು ಮುಗಿತಾಯ, ನಡುವೆ ದೇವರೂ ಇದ್ದರು. ಫೋನಿನ ಟ್ರಾನ್ಸ್‌ಲೇಟರಿಗೆ ಹಾಕಿ, ಬಂದದ್ದನ್ನು ನಾದಿನಿಗೆ ಕಳಿಸಿದೆ. ಅವಳು ಮದುವೆಯಾಗಿ ಬಹಳ ಕಾಲ ಮಂಗಳೂರಿನಲ್ಲಿ ಇದ್ದವಳು, ನಮ್ಮ ಕನ್ನಡವೇ ಮಾತಾಡುತ್ತಾಳೆ. ಕೂಡಲೇ ಫೋನ್ ಮಾಡಿದಳು.

“ಅತ್ತಿಗೆ, ಇದೆಂತ? ಪಂಚಾಯತಿನವರು ಅಣ್ಣನಿಗೆ ನೋಟಿಸ್ ಕೊಟ್ಟದ್ದಾ?”

“ಯಾಕೆ, ತಪ್ಪುಂಟಾ?”

“ತಪ್ಪಿಲ್ಲ ಮಾರಾಯ್ತಿ. ಆದರೆ ‘ಸೆನ್ಯೋರ್’ ಅಂತ ಹಾಕಿದ್ದೀರಿ, ಸಾಹೇಬರಿಗೆ ಬರೆದ ಹಾಗೆ. ಯಾವ ಹೆಂಡತಿ ಹಾಗೆ ಬರೆಯುದು?”

“ನಾನು ಅವರಿಗೆ ಯಾವತ್ತೂ ‘ನೀವು’ ಅಂತಲೇ ಹೇಳುದಲ್ವಾ. ಮರ್ಯಾದೆ ಬೇಡ್ವಾ?”

“ಮರ್ಯಾದೆ ಗಂಜಿಯಲ್ಲಿ ತೋರಿಸಿ. ಪುಸ್ತಕದಲ್ಲಿ ‘ನೀನು’ ಅಂತಲೇ ಬರೀಬೇಕು. ಮತ್ತೆ ಇಷ್ಟುದ್ದ ಯಾರು ಓದ್ತಾರೆ? ಅಣ್ಣನಿಗೆ ಎರಡನೇ ಸಾಲಿಗೆ ನಿದ್ದೆ ಬರ್ತದೆ.”

ಅದು ತಮಾಷೆಯಾದರೂ ನಿಜ. ಉದ್ದದ ಸಾಲಾದರೆ ಅವರ ಕಣ್ಣು ಬಲತುದಿಗೆ ಮುಟ್ಟುವಾಗ ದಾರಿ ತಪ್ಪುತ್ತದೆ, ದೊಡ್ಡ ಅಕ್ಷರ, ಗಿಡ್ಡ ಸಾಲು ಇರಲಿ ಎಂದು ಥೆರಪಿಯ ಹುಡುಗಿಯೂ ಹೇಳಿದ್ದಳು. ನಾದಿನಿ ಕ್ರಮ ಹೇಳಿಕೊಟ್ಟಳು. ಮೊದಲು ಯಾರಿಗೆ ಎಂದು. ಆಮೇಲೆ ನಿಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ವಿಷಯ. ಪ್ರೀತಿಯ ಒಂದು ಸಾಲು, ಸಹಿ, ಕೆಳಗೆ ಊರು ಮತ್ತು ತಾರೀಕು. ಅಷ್ಟೇ. ಹಬ್ಬದ ಹಾರೈಕೆ, ಆರೋಗ್ಯ, ದೇವರು ಯಾವುದೂ ಬೇಡ.

ನನಗೆ ಒಂದು ಶಬ್ದ ಮಾತ್ರ ಬೇಕೇ ಬೇಕಿತ್ತು. ‘ಸೌದಾದ್’. ಅವರು ಹಿಂದೆ ಎಷ್ಟೋ ಸಲ ಹೇಳುತ್ತಿದ್ದ ಶಬ್ದ, ನನಗೆ ಗೊತ್ತಿದ್ದ ಒಂದೇ ಒಂದು ಪೋರ್ಚುಗೀಸ್ ಶಬ್ದ. ಅಗಲಿದವರ ನೆನಪಿಗೆ ಹೊಟ್ಟೆಯೊಳಗೆ ಆಗುವ ಆ ಸಂಕಟ.

“ಅದು ಬೇಡ ಅತ್ತಿಗೆ,” ಎಂದಳು. “ಅದು ದೂರ ಇದ್ದವರಿಗೆ ಬರೆಯುದು. ಅಣ್ಣ ನಿಮ್ಮ ಹತ್ತಿರವೇ ಕೂತಿದ್ದಾನಲ್ಲ. ನೀವು ಎಲ್ಲಿಗೋ ಹೋಗ್ತಾ ಇದ್ದೀರಿ ಅಂತ ಹೆದರ್ತಾನೆ.”

ಪಕ್ಕದ ಕುರ್ಚಿಯಲ್ಲಿ ಅವರು ಕಿಟಕಿಯಾಚೆ ಕಬಕದ ರಸ್ತೆಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಹತ್ತಿರ ಕೂತವರಿಗೂ ಆ ಶಬ್ದ ಬೇಕಾಗುತ್ತದೆ ಎಂದು ಅವಳಿಗೆ ಹೇಗೆ ಹೇಳುದು? ಶಬ್ದ ತೆಗೆದುಹಾಕಿದೆ. ಬದಲಿಗೆ ನನಗೆ ಬೇಕಾದ್ದನ್ನು ಕನ್ನಡದಲ್ಲಿ ಹೇಳಿದೆ, ಅವಳು ಪೋರ್ಚುಗೀಸಿಗೆ ತಿರುಗಿಸಿ ಬರೆದು ಕಳಿಸಿದಳು:

Para ti, meu querido,
que me ensinaste a olhar para cima.
Os pássaros vão e voltam;
eu fico aqui, ao teu lado.
Com todo o meu amor.

ನಿನಗೆ, ನನ್ನ ಪ್ರಿಯನೇ, ನನಗೆ ಮೇಲೆ ನೋಡಲು ಕಲಿಸಿದವನಿಗೆ. ಹಕ್ಕಿಗಳು ಹೋಗುತ್ತವೆ, ಮರಳಿ ಬರುತ್ತವೆ. ನಾನು ಇಲ್ಲೇ ಇರುತ್ತೇನೆ, ನಿನ್ನ ಬದಿಯಲ್ಲಿ. ನನ್ನೆಲ್ಲ ಪ್ರೀತಿಯೊಂದಿಗೆ. ಕೊನೆಯದು ಎಲ್ಲರೂ ಹಾಕುವ ಸಾಲು. ನನ್ನವು ಮೇಲಿನ ನಾಲ್ಕೇ.

“ಓದುವಾಗ ಅಳಬೇಡಿ ಮತ್ತೆ,” ಎಂದಳು.

ಒಳಗಿನ ಪುಟಗಳೆಲ್ಲ ನುಣುಪು, ಶಾಯಿ ಹರಡುವ ಕಾಗದ. ರಟ್ಟಿನ ಹಿಂದಿನ ಖಾಲಿ ಹಾಳೆ ಮಾತ್ರ ಒರಟು. ಪುಸ್ತಕದ ಕೊನೆಯಲ್ಲೂ ಅಂಥದೇ ಹಾಳೆ ಇತ್ತು, ಅದರ ಮೂಲೆಯಲ್ಲಿ ಪೆನ್ನು ಪರೀಕ್ಷೆ ಮಾಡಿದೆ. ಆಮೇಲೆ ಮೊದಲಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ತೆಳು ಗೆರೆ ಎಳೆದು, ಒಂದೊಂದೇ ಅಕ್ಷರ ಇಳಿಸಿದೆ. pássaros ಶಬ್ದದ ತಲೆಯ ಮೇಲಿನ ಓರೆ ಗೀಟನ್ನು ಕೊನೆಯಲ್ಲಿ ಹಾಕಿದೆ, ಯಾವ ಕಡೆಗೆ ವಾಲಬೇಕೆಂದು ಮೆಸೇಜು ನೋಡಿ. ಸಹಿಗೆ ಅವರು ನನ್ನನ್ನು ಕರೆಯುತ್ತಿದ್ದ ಹೆಸರು ಬರೆದೆ. ಅದು ಇಲ್ಲಿ ಬೇಡ. ಶಾಯಿ ಒಣಗಿದ ಮೇಲೆ ಪೆನ್ಸಿಲ್ ಗೆರೆ ಉಜ್ಜಿ ತೆಗೆದೆ. ಮದುವೆಯಾಗಿ ಇಷ್ಟು ಕಾಲಕ್ಕೆ ಅವರಿಗೆ ಮೊದಲ ಸಲ ‘ನೀನು’ ಅಂದದ್ದು, ಅದೂ ನನಗೆ ಬಾರದ ಭಾಷೆಯಲ್ಲಿ.

ಮದುವೆಯ ದಿನ, ಊಟ ಆದ ಮೇಲೆ, ಪುಸ್ತಕವನ್ನು ಅವರ ಮಡಿಲಲ್ಲಿ ತೆರೆದಿಟ್ಟೆ. ಅವರು ಚಿತ್ರ ಹುಡುಕಿ ಪುಟ ಮಗುಚಲು ಹೋದರು. ನಾನು ಕೈ ಹಿಡಿದು ನಿಲ್ಲಿಸಿದೆ. ಎಡಗೈಯ ಬೆರಳು ಮೊದಲ ಸಾಲಿನ ಕೆಳಗೆ ಹೋಯಿತು. ತುಟಿ ಅಲುಗಿತು. ಆಮೇಲೆ ಗಟ್ಟಿಯಾಗಿ, ಶಾಲೆಯಲ್ಲಿ ಎದ್ದು ನಿಂತು ಓದುವ ಹುಡುಗನಂತೆ, ಒಂದೂ ತಡವರಿಕೆ ಇಲ್ಲದೆ ಕೊನೆಯವರೆಗೆ ಓದಿದರು. ಸಹಿಯನ್ನೂ ಓದಿದರು. ಆ ಹೆಸರು ಅವರ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತು.

ತಲೆ ಎತ್ತಿ ನೋಡಿದರು. ಅತಿಥಿಯ ನೋಟ ಅಲ್ಲ. ನನ್ನನ್ನೇ ನೋಡಿದ್ದು.

ಮತ್ತೆ ಮಾತು ಶುರುವಾಯಿತು. ಪೋರ್ಚುಗೀಸಿನಲ್ಲಿ, ಧಾರಾಳವಾಗಿ, ನನ್ನ ಕೈಯನ್ನು ತಮ್ಮ ಮೊಣಕಾಲಿನ ಮೇಲೆ ಒತ್ತಿ ಹಿಡಿದು. ನನಗೆ ಭಾಷೆ ಬರುತ್ತದೆ ಎಂದೇ ತಿಳಿದರೋ ಏನೋ. ಬರದವಳು ಹೀಗೆ ಬರೆಯುತ್ತಾಳಾ? ಎಷ್ಟೋ ದಿನ ಒಳಗೆ ಇಟ್ಟುಕೊಂಡಿದ್ದೆಲ್ಲ ಹೇಳಿದರು ಎಂದು ಕಾಣುತ್ತದೆ. ಒಮ್ಮೆ ನಕ್ಕರು, ಒಮ್ಮೆ ಸ್ವರ ಇಳಿಯಿತು, ಒಮ್ಮೆ ಕಣ್ಣು ಒರೆಸಿಕೊಂಡರು. ನನಗೆ ಸಿಕ್ಕಿದ್ದು ‘ಹಕ್ಕಿಗಳು’ ಎಂಬ ಶಬ್ದ, ಎರಡು ಸಲ.

ಮೇಜಿನ ಮೇಲೆ ಫೋನ್ ಇತ್ತು. ನಾದಿನಿಗೆ ಮಾಡಿ ಸ್ಪೀಕರ್ ಹಾಕಿದ್ದರೆ ಅಷ್ಟನ್ನೂ ಕನ್ನಡ ಮಾಡಿ ಹೇಳುತ್ತಿದ್ದಳು. ಕೈ ಅತ್ತ ಹೋಯಿತು, ವಾಪಸು ತೆಗೆದೆ. ಅದು ನನಗೆ ಹೇಳುತ್ತಿದ್ದದ್ದು. ಅರ್ಥವಾಗದಿದ್ದರೂ, ನನಗೇ.

ಕಡೆಗೆ ಏನೋ ಕೇಳಿದರು. ಪ್ರಶ್ನೆ ಎಂದು ಸ್ವರದಲ್ಲೇ ಗೊತ್ತಾಯಿತು. ಉತ್ತರಕ್ಕೆ ಕಾದರು, ನನ್ನ ಮುಖವನ್ನೇ ನೋಡುತ್ತ.

“ಹೌದು,” ಎಂದೆ, ಕನ್ನಡದಲ್ಲೇ.

ಯಾವುದಕ್ಕೆ ಹೌದು ಅಂದೆನೋ ಇಂದಿಗೂ ಗೊತ್ತಿಲ್ಲ. ಅವರಿಗೆ ಸಮಾಧಾನವಾದ ಹಾಗಿತ್ತು. ನನ್ನ ಕೈ ಬಿಟ್ಟು, ಪುಟ ಮಗುಚಿ, ಮೊದಲ ಹಕ್ಕಿಯನ್ನು ನೋಡತೊಡಗಿದರು.