ಮಿರ್ಚಿ ಎಣ್ಣೆ ಹತ್ತಿದ ಹಾಳೆ

ಗಂಗಾವತಿಯ ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಮದರ್‌ಬೋರ್ಡಿನ ಕೈಪಿಡಿ ಓದುವವಳು ನಾನು. ಅದರ ಮೇಲೆ ಮಿರ್ಚಿ ಭಜಿ ಇಟ್ಟುಕೊಂಡು ತಿನ್ನುವವರು ನಮ್ಮ ಮನೆಯವರು. ಅವತ್ತು ಅಕ್ಕಿ ಗಿರಣಿಯ ಕಂಪ್ಯೂಟರಿನ ಎಂ.2 ಸ್ಲಾಟಿಗೆ ಹಾಕಿದ ಹೊಸ ಎನ್‌ವಿಎಂಇ ಡ್ರೈವ್, ಅಂದರೆ ಫೈಲುಗಳನ್ನು ಇಡುವ ಚಿಪ್ಪು, ಚಾಲೂ ಮಾಡಿದಾಗ ಮೊದಲು ಬರುವ ಬಯೋಸ್‌ನಲ್ಲಿ ಕಾಣಲೇ ಇಲ್ಲ. ಅದನ್ನು ಎರಡು ಸಲ ತೆಗೆದು ಕೂರಿಸಿದ ಇವರು, "ಡ್ರೈವೇ ಸತ್ತೈತಿ, ವಾಪಸ್ ಕಳಸು" ಎಂದರು.

ನನಗೆ ಸಿಟ್ಟು ಬಂತು. ಮಿರ್ಚಿ ಸರಿಸಿ, ಎಣ್ಣೆ ಕುಡಿದ ಹಾಳೆ ಓದಿದೆ: ಐದನೇ ಸಾಟಾ ಪೋರ್ಟಿಗೆ ಏನಾದರೂ ಜೋಡಿಸಿದರೆ ಎಂ.2 ಸ್ಲಾಟ್ ಬಂದ್. ಎರಡಕ್ಕೂ ಡೇಟಾ ಹೋಗುವ ಲೇನ್ ಒಂದೇ. ಹಳೆಯ ಹಾರ್ಡ್‌ಡಿಸ್ಕಿನ ಕೇಬಲ್ ಅಲ್ಲೇ ಇತ್ತು. ಕಂಪ್ಯೂಟರ್ ಆಫ್ ಮಾಡಿ ಅದನ್ನು ಒಂದನೇ ಪೋರ್ಟಿಗೆ ಹಾಕಿದೆ. ಮತ್ತೆ ಚಾಲೂ ಮಾಡಿದಾಗ ಡ್ರೈವ್ ಕಾಣಿಸಿತು.

ಈಗ ಹೊಸ ಬೋರ್ಡ್ ಬಂದರೆ, "ಮೊದ್ಲ ನೀ ಓದು" ಎಂದು ಕೈಪಿಡಿ ನನಗೆ ಕೊಟ್ಟು, ಸುಡುವ ಮಿರ್ಚಿಯನ್ನು ಅಂಗೈಯಲ್ಲೇ ಹಿಡಿದು ಕಾಯುತ್ತಾರೆ.